ಪಾಯಿಂಟ್ಸ್ ಪಟ್ಟಿಯನ್ನು ಪತ್ರ ಮಾಡುವುದು ಹೇಗೆ? ಯಾವಾಗ ಪಟ್ಟಿಯೇ ಇರಲಿ ಅಂತ ಬಿಡಬೇಕು?

ನಾನು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಹಾಜರಿ, ಬಟವಾಡೆ, ಸ್ಟಾಕ್ ಎಲ್ಲ ನೋಡಿಕೊಳ್ಳುವ ಕೆಲಸ. ಸಾಹುಕಾರರು ಬೆಂಗಳೂರಿನಲ್ಲಿರುತ್ತಾರೆ, ಹಾಗಾಗಿ ತೋಟದಲ್ಲಿ ಏನೇ ಕಟ್ಟಿದರೂ, ಏನೇ ರಿಪೇರಿ ಮಾಡಿಸಿದರೂ ವಾರಕ್ಕೊಂದು ವರದಿ ಕಳಿಸುವುದು ನನ್ನ ಮೇಲೆಯೇ ಬೀಳುತ್ತದೆ. ಬಹಳ ವರ್ಷ ಪಾಯಿಂಟ್ಸ್ ಹಾಕಿಯೇ ಕಳಿಸುತ್ತಿದ್ದೆ. ಬರೆಯುವುದು ಸುಲಭ, ಓದುವುದೂ ಸುಲಭ ಅಂತ ನಂಬಿಕೊಂಡಿದ್ದೆ.

ಒಂದು ವರ್ಷ ಕಾಫಿ ಒಣಗಿಸಲು ಹೊಸ ಕಣ ಮತ್ತು ಪಲ್ಪರ್ ಮನೆ ಕಟ್ಟಿಸುತ್ತಿದ್ದೆವು. ಅರೇಬಿಕಾ ಕೊಯ್ಲು ಶುರುವಾಗುವುದರೊಳಗೆ ಎಲ್ಲ ಮುಗಿಯಬೇಕಿತ್ತು. ಕಾಫಿ ಗೊತ್ತಿಲ್ಲದವರಿಗೆ ಒಂದು ಮಾತು: ಹಣ್ಣನ್ನು ಕೊಯ್ದ ದಿನವೇ ಪಲ್ಪ್ ಮಾಡಬೇಕು, ಅಂದರೆ ಪಲ್ಪರ್ ಯಂತ್ರಕ್ಕೆ ಹಾಕಿ ಸಿಪ್ಪೆ ಬಿಡಿಸಬೇಕು, ರಾಶಿ ಹಾಕಿ ಇಟ್ಟರೆ ಹುಳಿ ಬರುತ್ತದೆ. ಪಲ್ಪ್ ಮಾಡಲು ಆಗದಿದ್ದರೆ ಸಿಪ್ಪೆ ಸಮೇತ ಒಣಗಿಸಿ ಚೆರ್ರಿ ಮಾಡಬೇಕು, ಅದಕ್ಕೆ ಪಲ್ಪ್ ಮಾಡಿ ಒಣಗಿಸಿದ ಪಾರ್ಚ್‌ಮೆಂಟ್‌ನಷ್ಟು ಬೆಲೆ ಸಿಗುವುದಿಲ್ಲ. ಅಕ್ಟೋಬರ್ 25ಕ್ಕೆ ನಾನು ಕಳಿಸಿದ ವರದಿ ಹೀಗಿತ್ತು:

• ಕಣ: 4 ಭಾಗದಲ್ಲಿ 3 ಕಾಂಕ್ರೀಟ್ ಆಗಿದೆ
• ಪಲ್ಪರ್ ಬಂದಿದೆ, ಕೂರಿಸಿಲ್ಲ
• ತ್ರೀ ಫೇಸ್ ಲೈನ್ ಬಾಕಿ
• ಮಳೆಯಿಂದ 6 ದಿನ ಕೆಲಸ ಇಲ್ಲ
• ಸಿಮೆಂಟ್ ಸ್ಟಾಕ್ 40 ಮೂಟೆ
• ಗಾರೆ ಮೇಸ್ತ್ರಿ ಕಡೆಯವರು ದೀಪಾವಳಿಗೆ ಊರಿಗೆ
• ನೀರಿನ ಟ್ಯಾಂಕ್ ಆಗಿದೆ
• ಲೈನ್ ಮನೆ 2ಕ್ಕೆ ಹೆಂಚು ಹಾಕಿದೆ
• ಕೆಳಗಿನ ಬ್ಲಾಕ್ ಬೇಗ ಹಣ್ಣಾಗುತ್ತಿದೆ

ಇದರಲ್ಲಿ ಒಂದೂ ಸುಳ್ಳಿಲ್ಲ. ಆದರೂ ಇದನ್ನು ಓದಿದ ಸಾಹುಕಾರರು ಐದು ದಿನ ಕರೆಂಟ್ ಆಫೀಸಿಗೆ ಫೋನ್ ಮಾಡುತ್ತಾ ಕೂತರು. 'ಲೈನ್ ಬಾಕಿ' ಅಂದರೆ ಅಲ್ಲಿ ಯಾರೋ ಫೈಲ್ ಮೇಲೆ ಕೂತಿದ್ದಾರೆ ಅಂತ ಅವರು ತಿಳಿದುಕೊಂಡರು. ನಿಜವಾಗಿ ಆಗಿದ್ದೇ ಬೇರೆ. ಕಂಬ ಹೊತ್ತ ಲಾರಿ ನಮ್ಮ ತೋಟದ ಏರು ಹತ್ತಲಾಗದೆ ವಾಪಸ್ ಹೋಗಿತ್ತು, ಮಳೆಗೆ ರಸ್ತೆ ಕೆಸರಾಗಿತ್ತು. 30ನೇ ತಾರೀಕು ಫೋನಿನಲ್ಲಿ ನಾನು ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು, "ಇದನ್ನ ಮೊದಲೇ ಬರೀಬಾರದಿತ್ತಾ ರೈಟ್ರೇ?"

ಬರೆದಿದ್ದೆ ಅಂತಲೇ ನಾನು ಅಂದುಕೊಂಡಿದ್ದೆ. ಮಳೆಯೂ ಇತ್ತು, ಲೈನೂ ಇತ್ತು. ಇಲ್ಲದೇ ಹೋಗಿದ್ದು ಎರಡರ ನಡುವಿನ 'ಆದ್ದರಿಂದ'. ಆ ಐದು ದಿನ ಕೊನೆಗೂ ಕೈಗೆ ಸಿಗಲಿಲ್ಲ. ಕರೆಂಟ್ ಬಂದಿದ್ದು ನವೆಂಬರ್ 22ಕ್ಕೆ, ಮೊದಲ ಎರಡು ದಿನ ಕೊಯ್ದ ಹಣ್ಣನ್ನು ಚೆರ್ರಿ ಮಾಡಬೇಕಾಯಿತು.

ಆ 30ನೇ ತಾರೀಕಿನ ರಾತ್ರಿಯೇ ಅದೇ ಪಟ್ಟಿಯನ್ನು ಮುಂದಿಟ್ಟುಕೊಂಡು ಪತ್ರವಾಗಿ ಬರೆದೆ. ಆಮೇಲೆ ಪ್ರತಿ ಸಲವೂ ಅದೇ ಕ್ರಮ ಹಿಡಿದಿದ್ದೇನೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ನಿಮ್ಮದು ತೋಟವೇ ಆಗಬೇಕಿಲ್ಲ. ಆಫೀಸಿನ ಪ್ರಾಜೆಕ್ಟ್ ಇರಲಿ, ಶಾಲೆಯ ಕಟ್ಟಡ ಇರಲಿ, ಊರಿನ ಕೆರೆ ಹೂಳೆತ್ತುವ ಕೆಲಸ ಇರಲಿ, ದಾರಿ ಇದೇ.

ಮೊದಲು: ಓದುವವರು ಏನು ಕೇಳುತ್ತಾರೆ ಅಂತ ಒಂದು ಸಾಲು ಬರೆಯಿರಿ

ಪಟ್ಟಿಯ ಮೇಲ್ಗಡೆ, ಪೆನ್ಸಿಲ್‌ನಲ್ಲಿ. ಇದು ಯಾರಿಗೂ ಕಳಿಸುವ ಸಾಲಲ್ಲ, ನಿಮಗಾಗಿ. ನಮ್ಮ ಸಾಹುಕಾರರ ಪ್ರಶ್ನೆ ಹೀಗಿತ್ತು: 'ಮೊದಲ ಕೊಯ್ಲಿನ ದಿನ ಪಲ್ಪರ್ ಓಡುತ್ತಾ?' ಅಷ್ಟೇ.

ಈ ಸಾಲು ಬರೆದ ತಕ್ಷಣ ಪಟ್ಟಿಯ ಒಂಬತ್ತು ಅಂಶವೂ ಒಂದೇ ತೂಕದ್ದಲ್ಲ ಅಂತ ಕಾಣುತ್ತದೆ. ಆಳುಗಳು ಇರುವ ಲೈನ್ ಮನೆಯ ಹೆಂಚಿಗೂ ಪಲ್ಪರ್‌ಗೂ ಸಂಬಂಧವೇ ಇಲ್ಲ. ಆದರೆ ಪಟ್ಟಿಯಲ್ಲಿ ಅದಕ್ಕೂ ಒಂದು ಚುಕ್ಕಿ, ಇದಕ್ಕೂ ಒಂದು ಚುಕ್ಕಿ. ಪಟ್ಟಿಯ ಕೊನೆಯಲ್ಲಿ ಸುಮ್ನೆ ಸೇರಿಸಿದ್ದ 'ಕೆಳಗಿನ ಬ್ಲಾಕ್ ಬೇಗ ಹಣ್ಣಾಗುತ್ತಿದೆ' ಅನ್ನುವುದೇ ಎಲ್ಲಕ್ಕಿಂತ ದೊಡ್ಡ ಸುದ್ದಿ, ಯಾಕೆಂದರೆ ನಮ್ಮ ಗಡುವನ್ನು ಗೊತ್ತುಮಾಡುವುದು ಅದೇ. ಪಟ್ಟಿ ಬರೆಯುವಾಗ ನೆನಪಿಗೆ ಬಂದ ಕ್ರಮದಲ್ಲಿ ಬರೆದಿರುತ್ತೇವೆ, ಆ ಕ್ರಮಕ್ಕೆ ಬೇರೆ ಅರ್ಥ ಇರುವುದಿಲ್ಲ. ಅದನ್ನು ಹಾಗೇ ಉಳಿಸಿಕೊಂಡು ಪತ್ರ ಬರೆಯಲು ಹೊರಟರೆ ಪತ್ರಕ್ಕೂ ಅರ್ಥ ಇರುವುದಿಲ್ಲ.

ಎರಡನೆಯದು: ಪ್ರತಿ ಚುಕ್ಕಿಯನ್ನೂ ಪೂರ್ತಿ ವಾಕ್ಯ ಮಾಡಿ

ಯಾರು, ಏನು, ಯಾವಾಗ. 'ಬಾಕಿ', 'ಆಗಿದೆ', 'ಪ್ರಗತಿಯಲ್ಲಿದೆ' ಇವು ಮೂರೂ ಪಟ್ಟಿಯ ಬಚ್ಚಿಟ್ಟುಕೊಳ್ಳುವ ಜಾಗಗಳು. 'ತ್ರೀ ಫೇಸ್ ಲೈನ್ ಬಾಕಿ' ಅಂದರೆ ಯಾರ ಕಡೆಯಿಂದ ಬಾಕಿ? ನಾವು ದುಡ್ಡು ಕಟ್ಟಿಲ್ವಾ, ಅವರು ಕಂಬ ಕಳಿಸಿಲ್ವಾ, ಕಂಬ ಬಂದು ತಂತಿ ಎಳೆದಿಲ್ವಾ? ಮೂರಕ್ಕೂ ಅದೇ ಒಂದು ಪದ ಸಾಕಾಗಿಬಿಡುತ್ತದೆ. ಪೂರ್ತಿ ವಾಕ್ಯ ಬರೆಯಲು ಹೋದಾಗ ಕರ್ತೃ ಬೇಕಾಗುತ್ತದೆ. ಹಾಗೆ ಬರೆದಾಗ ಹೀಗೆ ಬಂತು: 'ಕಂಬ ತಂದ ಲಾರಿ 19ನೇ ತಾರೀಕು ಏರು ಹತ್ತಲಾಗದೆ ವಾಪಸ್ ಹೋಯಿತು.' ನನಗೆ ಈ ವಿಷಯ ಗೊತ್ತಿತ್ತು. ಪಟ್ಟಿ ಅದನ್ನು ನನ್ನ ಕೈಯಿಂದ ಬರೆಸಲಿಲ್ಲ, ಅಷ್ಟೇ.

ಅಂಕಿ ಇದ್ದಲ್ಲಿ ಅಳತೆಗೋಲನ್ನೂ ಪಕ್ಕದಲ್ಲೇ ಇಡಿ. 'ಸಿಮೆಂಟ್ 40 ಮೂಟೆ' ಅಂದರೆ ಜಾಸ್ತಿಯೋ ಕಡಿಮೆಯೋ ಬೆಂಗಳೂರಿನಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಕಣದ ಒಂದು ಭಾಗ 50 ಅಡಿ ಉದ್ದ, 15 ಅಡಿ ಅಗಲ, 3 ಇಂಚು ದಪ್ಪ. ಒಂದಕ್ಕೆ ಎರಡಕ್ಕೆ ನಾಲ್ಕು ಮಿಶ್ರಣದಲ್ಲಿ ಸುಮಾರು 34 ಮೂಟೆ ಹಿಡಿಯುತ್ತದೆ ಅಂತ ಮೇಸ್ತ್ರಿ ಲೆಕ್ಕ. ಅಂದರೆ ಇರುವ 40 ಸಾಕು. ಪತ್ರದಲ್ಲಿ ಆ 'ಸಾಕು' ಬಂದರೆ ಮುಗಿಯಿತು, ಈ ಲೆಕ್ಕವೆಲ್ಲ ಅಲ್ಲಿ ಬೇಕಿಲ್ಲ.

ಮೂರನೆಯದು: ಬಾಣ ಎಳೆಯಿರಿ

ಇದಕ್ಕೆ ಹೆಚ್ಚು ಹೊತ್ತು ಕೊಡಿ. ಒಂಬತ್ತು ವಾಕ್ಯವನ್ನೂ ಒಂದು ದೊಡ್ಡ ಹಾಳೆಯ ಮೇಲೆ ಚದುರಿಸಿ ಬರೆಯಿರಿ, ಒಂದರ ಕೆಳಗೆ ಒಂದಲ್ಲ. ಆಮೇಲೆ ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಕೇಳಿ: 'ಯಾಕೆ ಹೀಗಾಯಿತು?' ಮತ್ತು 'ಇದರಿಂದ ಮುಂದೆ ಏನಾಗುತ್ತದೆ?' ಉತ್ತರ ಹಾಳೆಯ ಮೇಲೆಯೇ ಬೇರೆ ಕಡೆ ಇದ್ದರೆ ಅಲ್ಲಿಗೆ ಬಾಣ ಎಳೆಯಿರಿ. ಹಾಳೆಯ ಮೇಲೆ ಇಲ್ಲದಿದ್ದರೆ ಎದ್ದು ಹೋಗಿ ಕೇಳಿಕೊಂಡು ಬನ್ನಿ.

ನಾನು ಎಳೆದ ಬಾಣಗಳು ಹೀಗಿದ್ದವು. ಮಳೆಯಿಂದ ಒಂದು ಬಾಣ ಕಣದ ನಾಲ್ಕನೇ ಭಾಗಕ್ಕೆ ಹೋಯಿತು, ಆರು ದಿನ ಕೆಲಸ ನಿಂತಿದ್ದಕ್ಕೆ ಅದು ಉಳಿದುಕೊಂಡಿತು. ಇನ್ನೊಂದು ಬಾಣ ರಸ್ತೆಗೆ, ರಸ್ತೆಯಿಂದ ಲಾರಿಗೆ, ಲಾರಿಯಿಂದ ಲೈನಿಗೆ. ಪಲ್ಪರ್ ಯಾಕೆ ಕೂರಿಸಿಲ್ಲ ಅಂತ ಕೇಳಿದೆ. ಕಟ್ಟೆ ಆಗಿದೆ, ಮೋಟರ್ ಇದೆ, ಆದರೆ ಫಿಟ್ಟರ್ ಬರುವುದು ಒಂದೇ ಸಲ. ಕೂರಿಸಿ, ಓಡಿಸಿ ನೋಡಿ ಹೋಗುತ್ತಾರೆ. ಕರೆಂಟ್ ಇಲ್ಲದೆ ಓಡಿಸಿ ನೋಡುವ ಹಾಗಿಲ್ಲ. ಹಾಗಾಗಿ ಲೈನಿನಿಂದ ಪಲ್ಪರ್‌ಗೆ ಬಾಣ.

ಈಗ ನೋಡಿ, ಪಟ್ಟಿಯಲ್ಲಿ ಮಳೆ ಅಂದರೆ ಆರು ದಿನದ ನಷ್ಟ. ಬಾಣ ಎಳೆದ ಮೇಲೆ ಮಳೆ ಅಂದರೆ ಪಲ್ಪರ್ ನಿಂತಿರುವುದಕ್ಕೇ ಮೂಲ ಕಾರಣ. ಸರಪಳಿಯಲ್ಲಿ ನಮ್ಮ ಕೈಯಲ್ಲಿರುವ ಕೊಂಡಿ ಯಾವುದು ಅಂತಲೂ ಅಲ್ಲೇ ಕಾಣಿಸಿತು. ಮಳೆ ನಮ್ಮ ಕೈಯಲ್ಲಿಲ್ಲ, ಕಂಬವೂ ಇಲ್ಲ. ರಸ್ತೆ ಇದೆ. ಏರಿಗೆ ಆರು ಲೋಡ್ ಜಲ್ಲಿ ಹಾಕಿಸಿದರೆ ಲಾರಿ ಹತ್ತುತ್ತದೆ. ಒಂಬತ್ತು ಅಂಶದ ಪಟ್ಟಿಯಲ್ಲಿ ಜಲ್ಲಿ ಅನ್ನುವ ಪದವೇ ಇರಲಿಲ್ಲ!

ಅದಕ್ಕೇ ನಾನು ಹೇಳುವುದು, ಎರಡು ವಾಕ್ಯ ಜೋಡಿಸುವ ಪದ ಸಿಂಗಾರಕ್ಕೆ ಹಾಕುವಂಥದ್ದಲ್ಲ. ಅದೂ ಒಂದು ಮಾಹಿತಿ, ಪಟ್ಟಿಯಲ್ಲಿ ಇಲ್ಲದ ಮಾಹಿತಿ. ಅದನ್ನು ತಿಳಿದುಕೊಂಡು ಬಂದು ಹಾಕಬೇಕು.

ಇದೇ ಕಾರಣಕ್ಕೆ ಎಚ್ಚರವೂ ಬೇಕು. ಪಟ್ಟಿಯಲ್ಲಿ ಅಕ್ಕಪಕ್ಕ ಇದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗುವುದಿಲ್ಲ. 'ಮೇಸ್ತ್ರಿ ಕಡೆಯವರು ಊರಿಗೆ ಹೋಗುವುದರಿಂದ ನಾಲ್ಕನೇ ಭಾಗ ಆಗಿಲ್ಲ' ಅಂತ ಬರೆದೇಬಿಟ್ಟಿದ್ದೆ. ಓದಲು ಚೆನ್ನಾಗಿಯೇ ಇತ್ತು. ಆದರೆ ಅವರು ಹೋಗುವುದು ನವೆಂಬರ್ 5ಕ್ಕೆ, ಭಾಗ ಉಳಿದಿದ್ದು ಅಕ್ಟೋಬರ್ ಮಳೆಗೆ. ಇನ್ನೂ ಹೋಗದವರ ಮೇಲೆ ಆಗಲೇ ತಪ್ಪು ಹೊರಿಸಿದ ಹಾಗಾಯಿತು. ನಿಜವಾದ ಸಂಬಂಧ ಮುಂದಿನದು: ಅವರು ಹೋಗುವುದರೊಳಗೆ ಕಾಂಕ್ರೀಟ್ ಹಾಕಿಬಿಡಬೇಕು. ಬಾಣದ ಎರಡೂ ತುದಿಗೆ ತಾರೀಕು ಬರೆದು ನೋಡಿದರೆ ಇಂಥ ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ. ಕಾರಣ ಆದದ್ದು ಮೊದಲು ನಡೆದಿರಬೇಕು, ಅಲ್ವಾ?

ಬಾಣವೇ ತಾಗದೆ ಒಂಟಿಯಾಗಿ ಉಳಿದವನ್ನು ಬಲವಂತವಾಗಿ ಜೋಡಿಸಬೇಡಿ. ನನ್ನ ಹಾಳೆಯಲ್ಲಿ ಹೆಂಚು ಮತ್ತು ಟ್ಯಾಂಕ್ ಹೀಗೆ ಉಳಿದವು. ಅವಕ್ಕೆ ಪತ್ರದ ಕೊನೆಯಲ್ಲಿ ಒಂದು ಸಾಲು ಸಾಕು.

ನಾಲ್ಕನೆಯದು: ಬೇಕಾದ ತೀರ್ಮಾನವನ್ನು ಮೊದಲ ಸಾಲಿನಲ್ಲೇ ಇಡಿ

ಬಾಣಗಳೆಲ್ಲ ಎಲ್ಲಿ ಸೇರುತ್ತವೆ ನೋಡಿ, ಅದನ್ನೇ ಮೊದಲು ಬರೆಯಿರಿ. ಕಥೆ ಹೇಳುವ ಹಾಗೆ 12ನೇ ತಾರೀಕಿನ ಮಳೆಯಿಂದ ಶುರು ಮಾಡಿ ಕೊನೆಯ ಸಾಲಿನಲ್ಲಿ ಜಲ್ಲಿ ಕೇಳಿದರೆ, ಕಾರಿನಲ್ಲಿ ಕೂತು ಮೊಬೈಲಿನಲ್ಲಿ ಓದುವವರು ಅಲ್ಲಿವರೆಗೆ ಬರುವುದಿಲ್ಲ.

ಐದನೆಯದು: ಕ್ರಿಯಾಪದದಲ್ಲೇ ಜೋಡಿಸಿ

ಇಲ್ಲಿ ಕನ್ನಡಕ್ಕೆ ಒಂದು ಅನುಕೂಲ ಇದೆ. ವಾಕ್ಯಗಳನ್ನು ಸೇರಿಸಲು ನಮಗೆ ಪ್ರತಿ ಸಲ ಬೇರೆ ಪದವೇ ಬೇಕಾಗಿಲ್ಲ, ಕ್ರಿಯಾಪದದ ತುದಿ ಬದಲಾಯಿಸಿದರೆ ಸಾಕು. 'ಮಳೆ ಬಂತು' ಅನ್ನುವುದನ್ನು ತೆಗೆದುಕೊಳ್ಳಿ. ಬಂದಿದ್ದರಿಂದ ಅಂದರೆ ಕಾರಣ. ಬಂದರೂ ಅಂದರೆ ಅದನ್ನು ಮೀರಿ ಕೆಲಸ ಆಯಿತು. ಬಂದರೆ ಅಂದರೆ ಇನ್ನೂ ಗೊತ್ತಿಲ್ಲ. ಬಂದಮೇಲೆ ಅಂದರೆ ಬರೀ ಕ್ರಮ, ಕಾರಣ ಅಂತ ಹೇಳಿಲ್ಲ. ಬರುವುದರೊಳಗೆ ಅಂದರೆ ಗಡುವು. ಹಾಳೆಯ ಮೇಲಿನ ಪ್ರತಿ ಬಾಣವೂ ಇವುಗಳಲ್ಲಿ ಯಾವುದು ಅಂತ ಬಾಣದ ಪಕ್ಕದಲ್ಲೇ ಬರೆದುಕೊಳ್ಳಿ. ಅರ್ಧ ಪತ್ರ ಅಲ್ಲಿಗೇ ಆಯಿತು.

'ಮಳೆ ಬಂದು ಕೆಲಸ ನಿಂತಿತು' ಅನ್ನುವ 'ಬಂದು, ಹೋಗಿ, ಮಾಡಿ' ರೂಪವನ್ನು ನೋಡಿಕೊಂಡು ಬಳಸಿ. ಕೈಗೆ ಸುಲಭವಾಗಿ ಬರುತ್ತದೆ, ಹಾಗಾಗಿ ಒಂದರ ಹಿಂದೆ ಒಂದು ಸೇರಿ ಉದ್ದ ಆಗುತ್ತಾ ಹೋಗುತ್ತದೆ. ಒಬ್ಬರೇ ಮಾಡಿದ ಕೆಲಸಗಳಾದರೆ ಸರಿ: ಫಿಟ್ಟರ್ ಬಂದು, ಕೂರಿಸಿ, ಓಡಿಸಿ ನೋಡಿ ಹೋಗುತ್ತಾರೆ. ಮಾಡುವವರು ನಡುವೆ ಬದಲಾದರೆ ಓದುವವರು ಎಡವುತ್ತಾರೆ. 'ಮೇಸ್ತ್ರಿ ಸಾಮಾನು ತಂದು ಲಾರಿ ನಿಂತು ನಾವು ಜಲ್ಲಿ ಹಾಕಿ' ಅಂತ ಓದಿದವರಿಗೆ ಯಾರು ಏನು ಮಾಡಿದರು ಅಂತಲೇ ತಿಳಿಯುವುದಿಲ್ಲ. ಮಾಡುವವರು ಬದಲಾದ ಜಾಗದಲ್ಲಿ ಪೂರ್ಣವಿರಾಮ ಹಾಕಿ, ಹೊಸ ವಾಕ್ಯ ಶುರು ಮಾಡಿ.

ಇನ್ನೊಂದು ಸಣ್ಣ ವಿಷಯ, ಆದರೆ ಇದರಿಂದ ಓದುವ ಸರಾಗವೇ ಬದಲಾಗುತ್ತದೆ. ಆಗಲೇ ಗೊತ್ತಿರುವುದನ್ನು ವಾಕ್ಯದ ಆರಂಭದಲ್ಲಿಡಿ, ಹೊಸದನ್ನು ಕ್ರಿಯಾಪದದ ಹತ್ತಿರ ತನ್ನಿ. ಹಿಂದಿನ ವಾಕ್ಯ 'ಲಾರಿ ವಾಪಸ್ ಹೋಯಿತು' ಅಂತ ಮುಗಿದಿದ್ದರೆ ಮುಂದಿನದು 'ಕಂಬ ಬಾರದೆ' ಅಂತ ಶುರುವಾಗಲಿ. ಏನಾದರೂ ಒತ್ತಿ ಹೇಳಬೇಕಾದರೆ 'ರಸ್ತೆಗೆ ದೊಡ್ಡ ತೊಂದರೆ ಆಯಿತು' ಅನ್ನುವ ಬದಲು 'ದೊಡ್ಡ ತೊಂದರೆ ಆಗಿದ್ದು ರಸ್ತೆಗೆ' ಅನ್ನಿ. ನಾವು ಬಾಯಲ್ಲಿ ಮಾತಾಡುವಾಗ ಹೀಗೇ ಮಾಡುತ್ತೇವೆ, ಬರೆಯಲು ಕೂತಾಗ ಮಾತ್ರ ಮರೆತುಬಿಡುತ್ತೇವೆ.

30ನೇ ತಾರೀಕಿನ ರಾತ್ರಿ ಬರೆದ ಪತ್ರ ಇದು:

> ಸರ್,
>
> ನವೆಂಬರ್ 20ಕ್ಕೆ ಪಲ್ಪರ್ ಓಡಬೇಕಾದರೆ ತೋಟದ ಏರಿಗೆ ಆರು ಲೋಡ್ ಜಲ್ಲಿ ಹಾಕಿಸಲು ನೀವು ನಾಳೆಯೇ ಒಪ್ಪಿಗೆ ಕೊಡಬೇಕು.
>
> ಈ ತಿಂಗಳು 12ರಿಂದ 17ರವರೆಗೆ ಮಳೆ ಬಂದಿದ್ದರಿಂದ ಆರು ದಿನ ಕೆಲಸ ನಿಂತಿತು. ಆದರೆ ದೊಡ್ಡ ತೊಂದರೆ ಆಗಿದ್ದು ರಸ್ತೆಗೆ. ಏರು ಕೆಸರಾಗಿದ್ದರಿಂದ ಕಂಬ ತಂದ ಲಾರಿ 19ಕ್ಕೆ ಹತ್ತಲಾಗದೆ ವಾಪಸ್ ಹೋಯಿತು. ಕಂಬ ಬಾರದೆ ತ್ರೀ ಫೇಸ್ ಲೈನ್ ಎಳೆಯುವ ಹಾಗಿಲ್ಲ. ಲೈನ್ ಇಲ್ಲದೆ ಫಿಟ್ಟರ್ ಬಂದರೂ ಪಲ್ಪರ್ ಓಡಿಸಿ ನೋಡಲು ಆಗುವುದಿಲ್ಲ, ಅದಕ್ಕೇ ಇನ್ನೂ ಕೂರಿಸಿಲ್ಲ. ಕಂಬ ಬಂದಮೇಲೆ ಹತ್ತು ದಿನದ ಕೆಲಸ ಇದೆ. ಮಳೆ ನಿಂತ ಕೂಡಲೇ ಜಲ್ಲಿ ಹಾಕಿಸಿದರೆ ನವೆಂಬರ್ 5ರ ಹೊತ್ತಿಗೆ ಲಾರಿ ಹತ್ತುತ್ತದೆ, 17ಕ್ಕೆ ಫಿಟ್ಟರ್‌ನ್ನು ಕರೆಸಬಹುದು.
>
> ಕೆಳಗಿನ ಬ್ಲಾಕ್ ಈ ಸಲ ಬೇಗ ಹಣ್ಣಾಗುತ್ತಿದೆ, 20 ದಾಟಿಸುವುದು ಕಷ್ಟ. ಅದಕ್ಕೇ ಇಷ್ಟು ಅವಸರ. ಅಷ್ಟರಲ್ಲಿ ಲೈನ್ ಬಾರದಿದ್ದರೆ ಬಾಡಿಗೆಗೆ ಜನರೇಟರ್ ತರಬೇಕಾಗುತ್ತದೆ.
>
> ಕಣದಲ್ಲಿ ಒಂದು ಭಾಗ ಮಾತ್ರ ಉಳಿದಿದೆ. ಸಿಮೆಂಟ್ ಸಾಕಷ್ಟಿದೆ. ಗಾರೆ ಮೇಸ್ತ್ರಿ ಕಡೆಯವರು 5ಕ್ಕೆ ದೀಪಾವಳಿಗೆ ಊರಿಗೆ ಹೋಗುವುದರೊಳಗೆ ಕಾಂಕ್ರೀಟ್ ಹಾಕಿಸುತ್ತೇನೆ. ಅವರು ಇಲ್ಲದ ದಿನಗಳಲ್ಲಿ ನಮ್ಮ ಆಳುಗಳೇ ಏಳು ದಿನ ನೀರು ಉಣಿಸುತ್ತಾರೆ.
>
> ನೀರಿನ ಟ್ಯಾಂಕ್ ಮುಗಿದಿದೆ, ಎರಡನೇ ಲೈನ್ ಮನೆಗೆ ಹೆಂಚು ಹಾಕಿದ್ದಾಗಿದೆ.

ಒಂಬತ್ತು ಅಂಶವೂ ಇದರಲ್ಲಿ ಇದೆ. ಪಟ್ಟಿಗಿಂತ ಉದ್ದ ಆಗಿದೆ, ನಿಜ. ಆದರೆ ಓದಿದವರು ಇದನ್ನು ಬಿಟ್ಟು ಕರೆಂಟ್ ಆಫೀಸಿಗೆ ಫೋನ್ ಮಾಡುವುದಿಲ್ಲ.

ನಿಜವಾಗಿ ಜೋಡಿಸಿದ್ದೀರಾ ಅಂತ ತಿಳಿಯುವುದು ಹೇಗೆ

ಬಹಳ ಜನ ಮಾಡುವುದು ಏನೆಂದರೆ, ಚುಕ್ಕಿ ಅಳಿಸಿ ಅಲ್ಲಲ್ಲಿ 'ಇದರ ಜೊತೆಗೆ', 'ಅಲ್ಲದೆ', 'ಮತ್ತು', 'ಅದೇ ರೀತಿ' ಅಂತ ಸೇರಿಸುವುದು. 'ಕಣದ ಮೂರು ಭಾಗ ಮುಗಿದಿದೆ. ಇದರ ಜೊತೆಗೆ ಪಲ್ಪರ್ ಬಂದಿದೆ. ಅಲ್ಲದೆ ಮಳೆಯಿಂದ ಆರು ದಿನ ಕೆಲಸ ಇರಲಿಲ್ಲ.' ನೋಡಲು ಪ್ಯಾರಾ ಆಗಿದೆ, ಒಳಗೆ ಪಟ್ಟಿಯೇ ಇದೆ. ಪಟ್ಟಿಗಿಂತ ಕೆಟ್ಟದ್ದು ಅಂತಲೇ ಹೇಳುತ್ತೇನೆ, ಯಾಕೆಂದರೆ ಪಟ್ಟಿಯಲ್ಲಾದರೂ ಕಣ್ಣಾಡಿಸಿ ಬೇಕಾದ್ದನ್ನು ಹುಡುಕಬಹುದಿತ್ತು.

ಪರೀಕ್ಷೆ ಸುಲಭ. ಪ್ಯಾರಾದ ಯಾವುದಾದರೂ ಎರಡು ವಾಕ್ಯವನ್ನು ಅದಲುಬದಲು ಮಾಡಿ ಓದಿ. ಅರ್ಥ ಹಾಗೇ ಉಳಿದರೆ ಅದಿನ್ನೂ ಪಟ್ಟಿ. ಮೇಲಿನ ಪತ್ರದಲ್ಲಿ ಲಾರಿಯ ವಾಕ್ಯವನ್ನು ಕಂಬದ ವಾಕ್ಯದ ಕೆಳಗೆ ಇಟ್ಟು ನೋಡಿ, ಕೂಡಲೇ ಮುರಿಯುತ್ತದೆ. ಕೊನೆಯ ಸಾಲಿನ ಟ್ಯಾಂಕ್ ಮತ್ತು ಹೆಂಚನ್ನು ಬೇಕಾದರೆ ಅದಲುಬದಲು ಮಾಡಬಹುದು. ಅದು ಸರಿಯೇ, ಅವುಗಳ ನಡುವೆ ಸಂಬಂಧವೇ ಇಲ್ಲ.

ಪಟ್ಟಿಯೇ ಒಳ್ಳೆಯದು ಅನ್ನುವುದು ಯಾವಾಗ

ಈ ಪರೀಕ್ಷೆಯನ್ನೇ ತಿರುಗಿಸಿ ಹಿಡಿದರೆ ಇದಕ್ಕೂ ಉತ್ತರ ಸಿಗುತ್ತದೆ. ಬಾಣ ಎಳೆಯಲು ಕೂತಿರಿ, ಒಂದು ಬಾಣವೂ ಹುಟ್ಟಲಿಲ್ಲ, ಅಂದರೆ ಅದು ಹುಟ್ಟಿನಿಂದಲೇ ಪಟ್ಟಿ. ಅದನ್ನು ಪ್ಯಾರಾ ಮಾಡಲು ಹೋಗಬೇಡಿ. ಮೂಡಿಗೆರೆ ಹಾರ್ಡ್‌ವೇರ್ ಅಂಗಡಿಗೆ ಕಳಿಸುವ ಚೀಟಿಯಲ್ಲಿ ಪೈಪು, ಬೆಂಡು, ಕಟ್ಟುವ ತಂತಿ, ಮೊಳೆ ಇರುತ್ತವೆ. ಅಂಗಡಿ ಹುಡುಗ ಒಂದೊಂದನ್ನೇ ಕೊಟ್ಟು ಟಿಕ್ ಹಾಕುತ್ತಾ ಹೋಗುತ್ತಾನೆ. ಅವನಿಗೆ ಬೆಂಡು ಯಾಕೆ ಬೇಕು ಅಂತ ಗೊತ್ತಾಗಬೇಕಿಲ್ಲ, ಎಷ್ಟು ಇಂಚಿನದು ಅಂತ ಗೊತ್ತಾದರೆ ಆಯಿತು.

ಓದುವವರು ಓದುತ್ತಾ ಕೈ ಆಡಿಸುವವರಾಗಿದ್ದರೂ ಪಟ್ಟಿ ಬೇಕು. ಪಲ್ಪರ್ ಶುರು ಮಾಡುವ ಮೊದಲು ಏನೇನು ನೋಡಬೇಕು ಅಂತ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ನಂಬರ್ ಹಾಕಿ ಒಂದೊಂದೇ ಸಾಲು ಬರೆದಿದ್ದೇನೆ. ನೀರು ಬಿಡಬೇಕು, ಬೆಲ್ಟ್ ನೋಡಬೇಕು, ಆಮೇಲೆ ಸ್ವಿಚ್. ಇಲ್ಲಿ ಕ್ರಮ ಮುಖ್ಯ, ಹಾಗಾಗಿ ಚುಕ್ಕಿ ಬೇಡ, ನಂಬರ್ ಇರಲಿ. ಪಲ್ಪರ್ ಮುಂದೆ ನಿಂತು ಪ್ಯಾರಾ ಓದುತ್ತಾ ಸಾಲು ತಪ್ಪಿಸಿಕೊಂಡರೆ ಮತ್ತೆ ಹುಡುಕುವಷ್ಟು ಪುರುಸೊತ್ತು ಯಾರಿಗಿದೆ?

ಒಂದೇ ಥರದ ಅಂಕಿಗಳು ನಾಲ್ಕೈದಕ್ಕಿಂತ ಜಾಸ್ತಿ ಆದರೆ ಪ್ಯಾರಾ ಸೋಲುತ್ತದೆ, ಪಟ್ಟಿಯೂ ಸೋಲುತ್ತದೆ. ಪ್ರತಿ ಬ್ಲಾಕಿನಲ್ಲಿ ಎಷ್ಟು ಆಳು, ಎಷ್ಟು ಹಣ್ಣು ಅನ್ನುವುದಕ್ಕೆ ಕೋಷ್ಟಕವೇ ಸರಿ. ಕೋಷ್ಟಕದ ಮೇಲೆ ಒಂದು ವಾಕ್ಯ ಮಾತ್ರ ಬರೆಯಿರಿ, ಅದರಲ್ಲಿ ಏನನ್ನು ಗಮನಿಸಬೇಕು ಅಂತ.

ನೀವು ಕಳಿಸಿದ್ದು ತಪ್ಪು ರೂಪ ಅಂತ ತಿಳಿಯಬೇಕಾದರೆ ಬರುವ ಉತ್ತರ ನೋಡಿ. ಪಟ್ಟಿ ಕಳಿಸಿದ ಮೇಲೆ 'ಯಾಕೆ?', 'ಹಾಗಾದರೆ ಏನು ಮಾಡೋದು?' ಅಂತ ಫೋನ್ ಬಂದರೆ ಅದು ಪತ್ರ ಆಗಬೇಕಿತ್ತು. ಪತ್ರ ಕಳಿಸಿದ ಮೇಲೆ 'ಒಟ್ಟು ಎಷ್ಟಾಯಿತು, ಯಾವತ್ತಿಗೆ?' ಅಂತ ಮಾತ್ರ ಕೇಳಿದರೆ ಅದು ಪಟ್ಟಿ ಆಗಬೇಕಿತ್ತು.

ಎರಡನ್ನೂ ಸೇರಿಸಬಹುದು, ನಾನು ಈಗ ಹೆಚ್ಚಾಗಿ ಹಾಗೇ ಮಾಡುತ್ತೇನೆ. ಮೇಲೆ ಪತ್ರ, ಕೆಳಗೆ ಸಾಹುಕಾರರು ಮಾಡಬೇಕಾದ ಕೆಲಸ ಮಾತ್ರ ಪಟ್ಟಿಯಾಗಿ:

• ಜಲ್ಲಿ ಆರು ಲೋಡಿಗೆ ಒಪ್ಪಿಗೆ: ಅಕ್ಟೋಬರ್ 31ರೊಳಗೆ
• ಜನರೇಟರ್ ಬಾಡಿಗೆ ವಿಚಾರಿಸುವುದು: ನವೆಂಬರ್ 10ರೊಳಗೆ
• ಫಿಟ್ಟರ್‌ಗೆ ಫೋನ್, 17ಕ್ಕೆ ಬರಲು: ನವೆಂಬರ್ 10ರೊಳಗೆ

ಪಟ್ಟಿಯ ಸಾಲುಗಳೆಲ್ಲ ಒಂದೇ ಅಚ್ಚಿನಲ್ಲಿರಲಿ: ಕೆಲಸ, ಆಮೇಲೆ ತಾರೀಕು. ಒಂದು ಸಾಲು ಕೆಲಸ, ಇನ್ನೊಂದು ಸುದ್ದಿ, ಮತ್ತೊಂದು ಪ್ರಶ್ನೆ ಅಂತ ಬೆರಕೆ ಆದರೆ ನನ್ನ ಮೊದಲ ಪಟ್ಟಿಯ ಹಾಗೇ ಆಗುತ್ತದೆ. ಅಲ್ಲಿ 'ಆಗಿದೆ'ಯೂ 'ಆಗಬೇಕು'ವೂ ಒಟ್ಟಿಗೆ ಕೂತಿದ್ದವು. ಮತ್ತೆ, ಪಟ್ಟಿಯಲ್ಲಿರುವ ಪ್ರತಿ ಕೆಲಸಕ್ಕೂ ಕಾರಣ ಮೇಲಿನ ಪತ್ರದಲ್ಲಿ ಇದೆಯಾ ಅಂತ ನೋಡಿಕೊಳ್ಳಿ.

ಕಳಿಸುವ ಮೊದಲು: ಕೆಲಸ ಮಾಡಿದವರಿಗೆ ಓದಿ ಹೇಳಿ

ನಿಮ್ಮ ಮೇಲಿನವರಿಗೆ ಓದಿ ಹೇಳಿದರೆ ಅವರು ಭಾಷೆ ತಿದ್ದುತ್ತಾರೆ. ಕೆಲಸ ಮಾಡಿದವರು ಜೋಡಣೆ ತಿದ್ದುತ್ತಾರೆ. ಪಟ್ಟಿ ಓದಿ ಹೇಳಿದರೆ ಯಾರೂ ಏನೂ ಹೇಳುವುದಿಲ್ಲ, 'ಹೂಂ, ಹೌದು' ಅಂದು ಸುಮ್ಮನಾಗುತ್ತಾರೆ. ಬಿಡಿ ಬಿಡಿ ಸಂಗತಿಯಲ್ಲಿ ತಪ್ಪು ಹಿಡಿಯಲು ಏನೂ ಇರುವುದಿಲ್ಲ. 'ಆದ್ದರಿಂದ', 'ಆದಮೇಲೆ' ಕಿವಿಗೆ ಬಿದ್ದಾಗ ಮಾತ್ರ ಅವರು ತಲೆ ಎತ್ತುತ್ತಾರೆ.

ನಾನು ಆ ರಾತ್ರಿಯೇ ಪತ್ರ ಹಿಡಿದು ಗಾರೆ ಮೇಸ್ತ್ರಿ ಇದ್ದ ಲೈನ್ ಮನೆಗೆ ಹೋದೆ. ಅವರು ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದರು. ಓದುತ್ತಾ ಹೋದೆ, ಲಾರಿ ವಿಷಯಕ್ಕೆ ತಲೆ ಆಡಿಸಿದರು. 'ಮಳೆ ನಿಂತ ಕೂಡಲೇ ಜಲ್ಲಿ ಹಾಕಿಸಿದರೆ' ಅನ್ನುವಲ್ಲಿ ಕೈ ಅಡ್ಡ ಹಿಡಿದರು.

"ಕೂಡಲೇ ಅಂತ ಬರೀಬೇಡಿ ರೈಟ್ರೇ. ಕೆಸರಲ್ಲಿ ಹಾಕಿದ್ರೆ ಜಲ್ಲಿ ಒಳಗೆ ಇಳಿದು ಹೋಗುತ್ತೆ, ಆರು ಅಲ್ಲ ಹನ್ನೆರಡು ಲೋಡ್ ಹಾಕಿದ್ರೂ ಅಷ್ಟೇ. ಮಳೆ ನಿಂತು ಎರಡು ದಿನ ಬಿಸಿಲು ಬೀಳಲಿ, ಮಣ್ಣು ಗಟ್ಟಿ ಆದಮೇಲೆ ಹಾಕಿಸೋಣ."

ಮತ್ತೆ ಶುರುವಾಗಿದ್ದ ಮಳೆ ಆವತ್ತು ಮಧ್ಯಾಹ್ನ ನಿಂತಿತ್ತು. ಎರಡು ದಿನ ಅಂದರೆ ನವೆಂಬರ್ 1. ಹಾಗಾಗಿ 5ರ ತಾರೀಕು ಬದಲಾಗಲಿಲ್ಲ. ಅಲ್ಲೇ ಜಗಲಿಯ ಮೇಲೆ ಕೂತು 'ಮಳೆ ನಿಂತ ಕೂಡಲೇ' ಅನ್ನುವುದನ್ನು ಹೊಡೆದು 'ಮಳೆ ನಿಂತು ಎರಡು ದಿನ ಒಣಗಿದ ಮೇಲೆ' ಅಂತ ಬರೆದೆ, ಫೋಟೋ ತೆಗೆದು ಸಾಹುಕಾರರಿಗೆ ಕಳಿಸಿದೆ. ಬೆಳಿಗ್ಗೆ ಏಳಕ್ಕೆ ಉತ್ತರ ಬಂತು: "ಜಲ್ಲಿಗೆ ಹೇಳಿದ್ದೀನಿ. 1ಕ್ಕೆ ಬರುತ್ತೆ."